ಸೀಬೆ ಕೊಂಬೆಗೆ ಗೂಟಿ ಕಟ್ಟುವ ಬಗೆ

ಹಿತ್ತಲಿನ ಸೀಬೆ ಹಣ್ಣು ರುಚಿಯಾಗಿದೆಯೆಂದು ಅದರ ಬೀಜ ಬಿತ್ತಿದರೆ, ಹುಟ್ಟುವ ಗಿಡವೂ ಅದೇ ಹಣ್ಣು ಕೊಡುತ್ತದೆಂಬ ಖಾತ್ರಿ ಇಲ್ಲ. ಕಡ್ಡಿ ಕತ್ತರಿಸಿ ನೆಟ್ಟರೆ ಸೀಬೆ ಸುಲಭಕ್ಕೆ ಬೇರು ಬಿಡದು. ಅದಕ್ಕೇ ನರ್ಸರಿಯವರು ಅಲಹಾಬಾದ್ ಸಫೇದಾ, ಲಕ್ನೋ-49ರಂಥ ತಳಿಗಳ ಕೊಂಬೆಗೆ ಮರದ ಮೇಲೆಯೇ ಬೇರು ಬರಿಸುತ್ತಾರೆ. ಇದನ್ನೇ ಗೂಟಿ ಕಟ್ಟುವುದು ಎನ್ನುತ್ತಾರೆ.

ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲ ಇದಕ್ಕೆ ಒಳ್ಳೆಯ ಸಮಯ. ಸುಮಾರು ಒಂದು ವರ್ಷ ಬಲಿತ, ಪೆನ್ಸಿಲ್ ದಪ್ಪದ, ರೋಗವಿಲ್ಲದ ಕೊಂಬೆಯನ್ನು ಆರಿಸಿ, ತುದಿಯಿಂದ ಒಂದೂವರೆ ಅಡಿ ಕೆಳಗೆ ಎಲೆಗಳನ್ನು ತೆಗೆಯಬೇಕು. ಅಲ್ಲಿ ಹರಿತವಾದ ಚಾಕುವಿನಿಂದ ಎರಡು ಸುತ್ತು ಗೀರಿ, ನಡುವಿನ ಸುಮಾರು 2.5 ಸೆಂಟಿಮೀಟರ್ ತೊಗಟೆಯನ್ನು ಉಂಗುರದಂತೆ ಬಿಡಿಸಬೇಕು. ಒಳಗಿನ ಕಟ್ಟಿಗೆಗೆ ಪೆಟ್ಟಾಗಬಾರದು.

ಕೊಂಬೆ ಒಣಗುವುದಿಲ್ಲವೇ? ಇಲ್ಲ. ನೀರು ಕಟ್ಟಿಗೆಯ ಮೂಲಕ ಮೇಲೇರುತ್ತಲೇ ಇರುತ್ತದೆ. ಎಲೆಗಳಲ್ಲಿ ತಯಾರಾದ ಸಕ್ಕರೆ ಮಾತ್ರ ತೊಗಟೆಯ ಒಳಪದರದ ಮೂಲಕ ಕೆಳಗಿಳಿಯುವಾಗ ಗಾಯದ ಮೇಲಂಚಿಗೆ ಬಂದು ನಿಲ್ಲುತ್ತದೆ. ಬೇರು ಹುಟ್ಟಿಸುವ ಹಾರ್ಮೋನೂ ಅಲ್ಲೇ ಶೇಖರವಾಗುತ್ತದೆ. ಬೇರು ಒಡೆಯುವುದು ಆ ಮೇಲಂಚಿನಲ್ಲಿ. ಅಂಗಡಿಯಲ್ಲಿ ಸಿಗುವ ಬೇರು ಬರಿಸುವ ಪುಡಿಯನ್ನು ಸವರುವುದಿದ್ದರೆ ಅಲ್ಲಿಗೇ ಸವರಬೇಕು.

ಹೆಚ್ಚಿನವರು ಎಡವುವುದು ಇದರ ಹಿಂದಿನ ಹೆಜ್ಜೆಯಲ್ಲಿ. ತೊಗಟೆ ತೆಗೆದ ಮೇಲೆ ಕಟ್ಟಿಗೆಗೆ ಜಾರುವ ತೆಳು ಪದರ ಅಂಟಿರುತ್ತದೆ. ಅದನ್ನು ಚಾಕುವಿನ ಬೆನ್ನಿನಿಂದ ಹೆರೆಯದೆ ಬಿಟ್ಟರೆ ಹೊಸ ತೊಗಟೆ ಬೆಳೆದು ಉಂಗುರದ ಎರಡು ಅಂಚುಗಳನ್ನು ಕೂಡಿಸುತ್ತದೆ. ಸಕ್ಕರೆ ಮತ್ತೆ ಕೆಳಗಿಳಿಯತೊಡಗುತ್ತದೆ, ಬೇರು ಬರುವುದಿಲ್ಲ. ತಿಂಗಳೆರಡು ಕಳೆದರೂ ಗೂಟಿ ಬರಿದಾಗಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಗಾಯದ ಸುತ್ತ ಒದ್ದೆ ಪಾಚಿಯನ್ನು ಮುಷ್ಟಿಗಾತ್ರ ಸುತ್ತಬೇಕು. ನೆನೆಸಿದ ಪಾಚಿಯನ್ನು ಹಿಂಡಿದಾಗ ನೀರು ಸುರಿಯುವುದು ನಿಂತಿರಬೇಕು. ಜಾಸ್ತಿ ನೀರಿದ್ದರೆ ಗಾಯ ಕೊಳೆಯುತ್ತದೆ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ತುದಿಗಳನ್ನು ಬಿಗಿಯಾಗಿ ಕಟ್ಟಬೇಕು. ಮೇಲಿನ ಕಟ್ಟು ಸಡಿಲವಾದರೆ ಮಳೆನೀರು ಒಳಗಿಳಿಯುತ್ತದೆ, ಬಿಸಿಲಿದ್ದಾಗ ಪಾಚಿ ಒಣಗುತ್ತದೆ.

ಪಾರದರ್ಶಕ ಹಾಳೆಯ ಲಾಭ ಐದಾರು ವಾರಕ್ಕೆ ತಿಳಿಯುತ್ತದೆ. ಬಿಳಿ ಬೇರುಗಳು ಹೊರಗಿನಿಂದಲೇ ಕಾಣುತ್ತವೆ. ಕ್ರೋಟನ್ ಸಾಮಾನ್ಯವಾಗಿ ಇನ್ನೂ ಬೇಗ ಬೇರು ಬಿಡುತ್ತದೆ, ಆದರೆ ಅದರ ರಸ ಕೆಲವರ ಚರ್ಮಕ್ಕೆ ಉರಿ ತರುವುದರಿಂದ ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು. ಮೊದಲ ಬೇರು ಕಂಡ ಕೂಡಲೇ ಕತ್ತರಿಸಬಾರದು. ಬೇರುಗಳು ಕವಲೊಡೆದು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಆಮೇಲೂ ಗೂಟಿಯ ಕೆಳಗೆ ಅರ್ಧ ದಪ್ಪಕ್ಕೆ ಕಚ್ಚು ಹಾಕಿ, ವಾರದ ನಂತರ ಪೂರ್ತಿ ಕತ್ತರಿಸಿದರೆ ಗಿಡ ಸ್ವಂತ ಬೇರಿನ ಮೇಲೆ ನಿಲ್ಲಲು ಹೊಂದಿಕೊಳ್ಳುತ್ತದೆ.

ಪ್ಲಾಸ್ಟಿಕ್ ಬಿಚ್ಚಿ, ಪಾಚಿಯನ್ನು ಕೀಳದೆ ಹಾಗೆಯೇ ಕುಂಡದಲ್ಲಿ ನೆಟ್ಟು, ಅರ್ಧದಷ್ಟು ಎಲೆ ಕತ್ತರಿಸಿ, ಒಂದೆರಡು ತಿಂಗಳು ನೆರಳಿನಲ್ಲಿಡಬೇಕು. ಗೂಟಿ ಗಿಡಕ್ಕೆ ತಾಯಿಬೇರು ಇರುವುದಿಲ್ಲ, ಆದ್ದರಿಂದ ಹೊಲಕ್ಕೆ ಇಳಿಸಿದ ಮೊದಲ ಕೆಲವು ವರ್ಷ ಗಾಳಿಗೆ ಬಾಗದಂತೆ ಊರುಗೋಲು ಕೊಟ್ಟು ಕಟ್ಟಬೇಕು.