ಒಂದೇ ಅಕ್ಷರ, ಎರಡು ಉಚ್ಚಾರ

ಜಪಾನಿನ ತತ್ತ್ವಚಿಂತಕ ವಾತ್ಸುಜಿ ತೆತ್ಸುರೋ (1889–1960) ಅವರ ನೀತಿಶಾಸ್ತ್ರವೆಲ್ಲ ನಿಂತಿರುವುದು ‘ನಿಂಗೆನ್’ ಎಂಬ ಪದದ ಮೇಲೆ. ದಿನಬಳಕೆಯಲ್ಲಿ ಅದಕ್ಕೆ ಮನುಷ್ಯ ಎಂದರ್ಥ. ಇಂಗ್ಲಿಷಿನಲ್ಲಿ ‘ಹ್ಯೂಮನ್ ಬೀಯಿಂಗ್’ ಎಂದು ಬರೆದರೆ ತಪ್ಪೇನಿಲ್ಲ, ಆದರೆ ಅವರ ವಾದ ಅಲ್ಲೇ ಕುಸಿಯುತ್ತದೆ. ವಾತ್ಸುಜಿಯವರ ಪ್ರಕಾರ ನಿಂಗೆನ್ ಎಂದರೆ ಒಂಟಿ ವ್ಯಕ್ತಿಯೂ ಹೌದು, ಅವನು ಬದುಕುವ ಸಮಾಜವೂ ಹೌದು. ಎರಡರಲ್ಲಿ ಯಾವುದನ್ನೂ ಬಿಡುವಂತಿಲ್ಲ.

ಅನುವಾದಕ ಇಲ್ಲಿ ಅಡಿಟಿಪ್ಪಣಿ ಬರೆಯಲೇಬೇಕು. ಆದರೆ ಏನು ಬರೆಯಬೇಕು? ಈ ಪದ ಮೊದಲು ಬೌದ್ಧ ಗ್ರಂಥಗಳಲ್ಲಿ ಮನುಷ್ಯಲೋಕ ಎಂಬ ಅರ್ಥದಲ್ಲಿತ್ತು, ಆಮೇಲೆ ಜಪಾನಿನಲ್ಲಿ ಒಬ್ಬ ವ್ಯಕ್ತಿಗೂ ಸಲ್ಲತೊಡಗಿತು. ಸಂಸ್ಕೃತದ ನೆರಳಿರುವ ನಮಗಂತೂ ಈ ಕಥೆ ರುಚಿಸುತ್ತದೆ. ಹೊಸ ಅನುವಾದಕರು ಇದನ್ನೇ ಅರ್ಧ ಪುಟ ಬರೆದುಬಿಡುತ್ತಾರೆ. ಆದರೆ ಈ ಇತಿಹಾಸವನ್ನು ವಾತ್ಸುಜಿ ತಮ್ಮ ವಾದದ ಭಾಗವಾಗಿ ತಾವೇ ಹೇಳುತ್ತಾರೆ. ಲೇಖಕ ಮುಂದೆ ಹೇಳಲಿರುವುದನ್ನು ಟಿಪ್ಪಣಿ ಮೊದಲೇ ಕದ್ದು ಹೇಳಬಾರದು.

ಜಪಾನಿ ಓದುಗನ ಕಣ್ಣಿಗೆ ತಾನಾಗಿ ಕಾಣುವುದು, ಇಂಗ್ಲಿಷ್ ಓದುಗನಿಗೆ ಕಾಣದೇ ಹೋಗುವುದು ಬೇರೆಯೇ ಇದೆ. ನಿಂಗೆನ್ ಎಂಬುದರಲ್ಲಿ ಎರಡು ಅಕ್ಷರಗಳು: ಒಂದಕ್ಕೆ ‘ಜನ’, ಇನ್ನೊಂದಕ್ಕೆ ‘ನಡುವೆ’ ಎಂಬ ಅರ್ಥ. ವಾತ್ಸುಜಿಯವರ ಇನ್ನೊಂದು ಮುಖ್ಯ ಪದ ‘ಐದಗರ’, ಅಂದರೆ ಜನರ ನಡುವಿನ ಸಂಬಂಧ. ಅದು ಶುರುವಾಗುವುದೂ ಅದೇ ‘ನಡುವೆ’ ಅಕ್ಷರದಿಂದ. ಉಚ್ಚಾರ ಮಾತ್ರ ಬೇರೆ, ಅಲ್ಲಿ ‘ಗೆನ್’, ಇಲ್ಲಿ ‘ಐದ’. ಪುಟದ ಮೇಲೆ ಅಕ್ಷರವೇ ತೋರಿಸಿಕೊಡುವ ಈ ನಂಟು ರೋಮನ್ ಲಿಪಿಗೆ ಬಂದ ಕ್ಷಣ ಮಾಯವಾಗುತ್ತದೆ.

ಹಾಗಾಗಿ ಟಿಪ್ಪಣಿ ಹೀಗಿದ್ದರೆ ಸಾಕು: “ನಿಂಗೆನ್: ಮನುಷ್ಯ. ‘ಜನ’, ‘ನಡುವೆ’ ಎಂಬ ಎರಡು ಅಕ್ಷರಗಳ ಪದ. ಮುಂದೆ ಬರುವ ಐದಗರ ಪದದ ಮೊದಲ ಅಕ್ಷರ ಇದರ ಎರಡನೆಯದೇ. ಒಬ್ಬ, ಹಲವರು ಎಂಬ ಭೇದವನ್ನು ಈ ಪದ ತೋರಿಸುವುದಿಲ್ಲ. — ಅನು.” ಕೊನೆಯ ‘ಅನು.’ ಎಂಬ ಗುರುತು ಬಿಡಬಾರದು. ವಾತ್ಸುಜಿಯವರಿಗೂ ತಮ್ಮದೇ ಟಿಪ್ಪಣಿಗಳಿವೆ. ಗುರುತಿಲ್ಲದಿದ್ದರೆ ಅನುವಾದಕನ ಮಾತು ತತ್ತ್ವಜ್ಞಾನಿಯ ಬಾಯಿಗೆ ಸೇರುತ್ತದೆ.

ಕಾಲ, ಅವಕಾಶ ಎಂಬರ್ಥದ ಜಪಾನಿ ಪದಗಳಲ್ಲೂ ಇದೇ ಅಕ್ಷರ ಇದೆ ಎಂದು ಸೇರಿಸುವ ಆಸೆ ಹುಟ್ಟುತ್ತದೆ. ನಾನಾಗಿದ್ದರೆ ಬಿಡುತ್ತೇನೆ. ಅವು ಗಡಿಯಾರ ನೋಡುವಾಗಲೂ ಬಳಸುವ ಸಾಮಾನ್ಯ ಪದಗಳು. ಟಿಪ್ಪಣಿಯಲ್ಲಿ ಕೂಡಿಸಿಟ್ಟರೆ ಜಪಾನಿ ಭಾಷೆಯಲ್ಲೇ ಏನೋ ಗೂಢವಿದೆ ಎಂಬ ಭ್ರಮೆ ಹುಟ್ಟುತ್ತದೆ.

1996ರಲ್ಲಿ ಬಂದ ಯಮಾಮೊಟೊ ಸೇಸಾಕು ಮತ್ತು ರಾಬರ್ಟ್ ಕಾರ್ಟರ್ ಅವರ ಇಂಗ್ಲಿಷ್ ಅನುವಾದ ನಿಂಗೆನ್ ಪದವನ್ನು ಹಾಗೇ ಉಳಿಸಿಕೊಂಡು, ಐದಗರಕ್ಕೆ ‘ಬಿಟ್ವೀನ್‌ನೆಸ್’ ಎಂದು ಬಳಸಿತು. ಕಿವಿಗೆ ಒರಟು, ಆದರೂ ‘ನಡುವೆ’ ಉಳಿಯಿತು. ಹೀಗೆ ಮೂಲಪದ ಉಳಿಸಿಕೊಂಡವರಿಗೆ ಇನ್ನೊಂದು ಕೆಲಸ ಇದ್ದೇ ಇರುತ್ತದೆ. ಲೇಖಕ ಅದೇ ಪದವನ್ನು ‘ಜನ ಹಾಗೆನ್ನುತ್ತಾರೆ’ ಎಂಬಂಥ ಸಾದಾ ಅರ್ಥದಲ್ಲಿ ಬಳಸಿದ ಕಡೆಗಳನ್ನು ಹುಡುಕಿ, ಅಲ್ಲಿ ಸುಮ್ಮನೆ ‘ಜನ’ ಎಂದೇ ಬರೆಯಬೇಕು.