ಸಾಲು ಕಟ್ಟಿದ ಕೋವಿಗಳು

ಹದಿನಾರನೆಯ ಶತಮಾನದಲ್ಲಿ ಯೂರೋಪಿನ ಕಾಲಾಳುಗಳು ಹಿಡಿದಿದ್ದ ಬತ್ತಿಯ ಕೋವಿಯು ಭಯಂಕರವಾದ ಆಯುಧವಾದರೂ ಒಮ್ಮೆ ಹಾರಿದ ಬಳಿಕ ದೊಣ್ಣೆಗಿಂತ ಹೆಚ್ಚಿನದಾಗಿರಲಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡನ್ನಿಟ್ಟು, ಸಲಾಕೆಯಿಂದ ಜಡಿದು, ಪಕ್ಕದ ಬಟ್ಟಲಿಗೆ ಮದ್ದು ತುಂಬಿ, ಉರಿಯುವ ಬತ್ತಿಯನ್ನು ಮತ್ತೆ ಸಿಕ್ಕಿಸುವಷ್ಟರಲ್ಲಿ ಒಂದು ನಿಮಿಷವೇ ಕಳೆಯುತ್ತಿದ್ದಿತು. ನೂರು ಗಜದಾಚೆ ಗುರಿಯೂ ನೆಚ್ಚುವಂತಹುದಲ್ಲ. ಅಷ್ಟು ದೂರವನ್ನು ರಾವುತನೊಬ್ಬನು ದಾಟಲು ಕೆಲವೇ ಕ್ಷಣಗಳು ಸಾಕು.

ಈ ತೊಡಕಿಗೆ ಪರಿಹಾರವು ದೊರೆತುದು ಹಳೆಯ ಗ್ರಂಥವೊಂದರ ವ್ಯಾಸಂಗದಿಂದ. ಡಚ್ ಸೇನಾನಿ ವಿಲೆಮ್ ಲೋಡೆವೈಕನು ಈಲಿಯನ್ ಎಂಬ ಪ್ರಾಚೀನ ಗ್ರೀಕ್ ಲೇಖಕನ ಯುದ್ಧಶಾಸ್ತ್ರವನ್ನು ಓದಿ, 1594ರ ಡಿಸೆಂಬರ್ 8ರಂದು ತನ್ನ ದಾಯಾದಿ ಮೌರಿಟ್ಸನಿಗೆ ಚಿತ್ರಸಹಿತವಾಗಿ ಪತ್ರ ಬರೆದನು. ಮೊದಲ ಸಾಲು ಒಟ್ಟಿಗೆ ಗುಂಡು ಹಾರಿಸಿ, ಭಟರ ನಡುವಣ ತೆರಪಿನಲ್ಲಿ ಹಿಂದಕ್ಕೆ ನಡೆದು, ಕಡೆಯಲ್ಲಿ ನಿಂತು ಕೋವಿ ತುಂಬಬೇಕು. ಅಷ್ಟರಲ್ಲಿ ಎರಡನೆಯ ಸಾಲು ಹಾರಿಸಬೇಕು. ಲೆಕ್ಕವು ಸರಳವಾದುದು. ತುಂಬಲು ಒಂದು ನಿಮಿಷ ಬೇಕಾಗಿ, ಹತ್ತು ಸಾಲುಗಳಿದ್ದರೆ, ಆರಾರು ಸೆಕೆಂಡಿಗೊಂದು ಸಾಲಿನ ಗುಂಡು ಶತ್ರುವಿನ ಮೇಲೆ ಬೀಳುತ್ತದೆ. ವ್ಯೂಹದ ಆಳವನ್ನು ನಿರ್ಣಯಿಸಿದುದು ಸೇನಾಪತಿಯ ಇಚ್ಛೆಯಲ್ಲ, ಕೋವಿ ತುಂಬುವ ಹೊತ್ತು.

ಕಾಗದದ ಮೇಲೆ ಸುಲಭವಾದ ಇದು ರಣದಲ್ಲಿ ಸುಲಭವಾಗಿರಲಿಲ್ಲ. ಪ್ರತಿಯೊಬ್ಬನ ಕೈಯಲ್ಲಿ ಉರಿಯುವ ಬತ್ತಿ, ಮೈಮೇಲೆ ಮದ್ದು. ಒಬ್ಬನು ಆತುರಪಟ್ಟರೆ ನೆರೆಯವನ ಮದ್ದಿಗೆ ಕಿಡಿ ತಗುಲುವ ಅಪಾಯ. ಹಿಂದಕ್ಕೆ ನಡೆಯುವ ಸಾಲು ಭಯಗೊಂಡರೆ ನಡಿಗೆಯೇ ಪಲಾಯನವಾಗುತ್ತಿದ್ದಿತು. ಆದುದರಿಂದಲೇ ಕವಾಯತಿಗೆ ಪ್ರಾಧಾನ್ಯ. 1607ರಲ್ಲಿ ಯಾಕೊಬ್ ದ ಗೆಯ್ನನ ಚಿತ್ರಗ್ರಂಥವು ಮಸ್ಕೆಟ್ ಕೋವಿಯ ಬಳಕೆಯನ್ನೊಂದನ್ನೇ 43 ಭಂಗಿಗಳಾಗಿ ಬಿಡಿಸಿತು. ಮಗುವಿಗೆ ಅಕ್ಷರ ತಿದ್ದಿಸಿದಂತೆಯೇ ಸರಿ!

ಮುಂದೆ ಚಕಮಕಿ ಕಲ್ಲಿನ ಕೋವಿಯೂ ಅಳತೆಯ ಮದ್ದಿನ ಕಾಗದದ ಪೊಟ್ಟಣವೂ ಬಂದುವು. ಪಳಗಿದ ಭಟನು ನಿಮಿಷಕ್ಕೆ ಎರಡು ಮೂರು ಸಲ ಹಾರಿಸಬಲ್ಲವನಾದನು; ಹತ್ತು ಸಾಲು ಮೂರಕ್ಕಿಳಿಯಿತು. ಕೋವಿಯ ತುದಿಗೆ ಬಯೊನೆಟ್ ಸೇರಿದುದರಿಂದ ಕಾವಲಿಗಿದ್ದ ಉದ್ದನೆಯ ಈಟಿಯವರೂ ಬೇಡವಾದರು. ಸರದಿಯು ಮಾತ್ರ ಉಳಿಯಿತು: ಸಾಲುಗಳಿಗೆ ಬದಲಾಗಿ, ಪಕ್ಕಪಕ್ಕದ ತುಕಡಿಗಳು ಒಂದಾದ ಮೇಲೊಂದು ಹಾರಿಸುತ್ತಿದ್ದುವು. ಹಾಗಾಗಿ ಎಲ್ಲ ಕೋವಿಗಳೂ ಒಮ್ಮೆಗೇ ಬರಿದಾಗುತ್ತಿರಲಿಲ್ಲ.

ಆದರೆ ಕೆಲವು ಸುತ್ತುಗಳಲ್ಲಿಯೇ ಹೊಗೆ ಕವಿದು, ಆಜ್ಞೆ ಕೇಳಿಸದೆ, ಪ್ರತಿಯೊಬ್ಬನೂ ತೋಚಿದಂತೆ ಹಾರಿಸತೊಡಗುವನು. ಎಚ್ಚರದಿಂದ ತುಂಬಿದ, ಹೊಗೆಯಿಲ್ಲದೆ ಗುರಿ ಕಾಣುವ ಮೊದಲ ಸುತ್ತೇ ಅಮೂಲ್ಯ. ಅದನ್ನು ತಡೆದಿರಿಸುವುದೇ ನಾಯಕನ ಪರೀಕ್ಷೆ. 1759ರ ಸೆಪ್ಟೆಂಬರ್ 13ರಂದು ಕೆನಡದ ಕ್ವಿಬೆಕ್ ನಗರದ ಹೊರಗೆ ವುಲ್ಫ್ ಸೇನಾನಿಯ ಇಂಗ್ಲಿಷ್ ಪಡೆ ಎರಡೇ ಸಾಲಾಗಿ ನಿಂತಿದ್ದಿತು. ಕೋವಿಗಳಲ್ಲಿ ಎರಡೆರಡು ಗುಂಡು. ಫ್ರೆಂಚರು ದೂರದಿಂದಲೇ ಹಾರಿಸುತ್ತ, ಸಾಲು ಕದಡಿ ಬಂದರು. ಇಂಗ್ಲಿಷರು ಪೆಟ್ಟು ತಿನ್ನುತ್ತಲೇ ಸುಮ್ಮನಿದ್ದು, ಸುಮಾರು 40 ಗಜದೊಳಗೆ ಬಂದಾಗ ಹಾರಿಸಿದರು. ಹೊಗೆ ತಿಳಿಯಾದಾಗ ಫ್ರೆಂಚ್ ವ್ಯೂಹವು ಒಡೆದು ಹಿಂದಿರುಗುತ್ತಿದ್ದಿತು.