ಪ್ರಬಂಧದ ಮೇಲೆ ಯಾರ ಹೆಸರು?

ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧಗಳಲ್ಲಿ ಒಬ್ಬರು ಶುರುಮಾಡಿದ ಕೆಲಸವನ್ನು ಇನ್ನೊಬ್ಬರು ಮುಗಿಸಿದಾಗ ಲೇಖಕತ್ವದ ತಕರಾರು ಏಳಬಹುದು. ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಕೆರೆ ನೀರಿನ ಮಾದರಿಗಳನ್ನು ಪರೀಕ್ಷಿಸಿ, ಪದವಿ ಪಡೆದು ಹೋಗಿದ್ದಾಳೆ ಎಂದಿಟ್ಟುಕೊಳ್ಳೋಣ. ಆಮೇಲೆ ಬಂದ ಪಿಎಚ್.ಡಿ. ವಿದ್ಯಾರ್ಥಿ ಅದೇ ದತ್ತಾಂಶವನ್ನು ವಿಶ್ಲೇಷಿಸಿ ಪ್ರಬಂಧ ಬರೆಯುತ್ತಾನೆ. ಅವಳ ಹೆಸರು ಕೃತಜ್ಞತೆಯ ಸಾಲಿಗೆ ಇಳಿಯುತ್ತದೆ.

ದೂರು ಬಂದರೆ ವಿಭಾಗ ಮೊದಲು ಪ್ರಬಂಧ ಕಳಿಸುವುದನ್ನು ತಡೆಹಿಡಿಯಬೇಕು. ಮಾರ್ಗದರ್ಶಕರು ಸಾಮಾನ್ಯವಾಗಿ ಸಹಲೇಖಕರೂ ಆಗಿರುವುದರಿಂದ ಅವರು ವಿಚಾರಣಾ ಸಮಿತಿಯಲ್ಲಿ ಕೂರಬಾರದು. ಸಮಿತಿ ಇಬ್ಬರಿಂದಲೂ ಲಿಖಿತ ಹೇಳಿಕೆ ಪಡೆದು, ತಾರೀಖು ಇರುವ ಲ್ಯಾಬ್ ನೋಟ್‌ಬುಕ್, ಇಮೇಲ್, ಕರಡುಗಳ ಜೊತೆ ಹೋಲಿಸುತ್ತದೆ. ಬಾಯಿಮಾತಿನಲ್ಲಿ ಕೊಟ್ಟ ಸಲಹೆಗೆ ಮಾತ್ರ ಪುರಾವೆ ಸಿಗುವುದು ಕಷ್ಟ.

ಬಹಳ ಕಡೆ ಅಳತೆಗೋಲಾಗಿರುವುದು ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ 4 ಷರತ್ತುಗಳು: ಸಂಶೋಧನೆಗೆ ಗಣನೀಯ ಕೊಡುಗೆ, ಬರವಣಿಗೆ ಅಥವಾ ತಿದ್ದುಪಡಿಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಕೆಲಸದ ಹೊಣೆ. ‘ಅವಳು ಒಂದು ಸಾಲೂ ಬರೆದಿಲ್ಲ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಮೊದಲ ಷರತ್ತು ಪೂರೈಸಿದವರಿಗೆ ಉಳಿದವುಗಳಲ್ಲಿ ಭಾಗವಹಿಸುವ ಅವಕಾಶ ಸಿಗಲೇಬೇಕು. ಕರಡನ್ನೇ ತೋರಿಸದೆ ಹೊರಗಿಡುವುದು ಅನ್ಯಾಯ. ಹಾಗಾಗಿ ಕರಡನ್ನು ಅವಳಿಗೆ ಕಳಿಸಿ, ತಿದ್ದಲು ಗಡುವು ಕೊಡುವುದೇ ಸರಿಯಾದ ಪರಿಹಾರ.

ಹೆಸರುಗಳ ಕ್ರಮ ಬೇರೆ ಪ್ರಶ್ನೆ. ಪ್ರಬಂಧ ಮುಖ್ಯವಾಗಿ ಅವಳ ಫಲಿತಾಂಶಗಳ ಮೇಲೆಯೇ ನಿಂತಿದ್ದರೆ ಮೊದಲ ಸ್ಥಾನ ಅವಳದು. ಹೊಸ ವಿಶ್ಲೇಷಣೆಯೂ ಅಷ್ಟೇ ತೂಕದ್ದಾದರೆ ಇಬ್ಬರಿಗೂ ಸಮಾನ ಕೊಡುಗೆಯೆಂದು ನಮೂದಿಸಬಹುದು. ತೀರ್ಮಾನವನ್ನು ಕಾರಣಸಹಿತ ಬರೆದುಕೊಡಬೇಕು, ಮೇಲ್ಮನವಿಗೆ ದಾರಿಯಿರಬೇಕು. ಪ್ರಬಂಧ ಆಗಲೇ ಪ್ರಕಟವಾಗಿದ್ದರೆ, ಆ ತೀರ್ಮಾನದ ಆಧಾರದ ಮೇಲೆ ನಿಯತಕಾಲಿಕೆಗೆ ತಿದ್ದುಪಡಿ ಕೋರಬೇಕಾಗುತ್ತದೆ.